ಅವ್ವನಿಗೆ ಕಳಿಸಿದ 4,000: ಗಂಡ-ಹೆಂಡತಿ ಕೂತು ಹಾಕಿದ ಲೆಕ್ಕ

[ದೃಶ್ಯ: ಅಡುಗೆಮನೆಯ ಮೇಜು. ಒಂದು ರೂಲ್ ನೋಟ್‌ಬುಕ್, ಎರಡು ಲೋಟ ಕಾಫಿ.]

ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ನನ್ನ ಹೆಂಡತಿ, ನಾಲ್ಕು ವರ್ಷದ ಮಗಳು, ಜೊತೆಗೆ ನನ್ನ ಅಪ್ಪ-ಅಮ್ಮ. ಹೆಂಡತಿಯ ತವರು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಅಲ್ಲಿ ಅವರಿಗೆ ಒಂದು ಎಕರೆ ಕಬ್ಬಿದೆ, ವಿ.ಸಿ. ನಾಲೆ ನೀರು.

ಎರಡು ವರ್ಷದ ಹಿಂದೆ ಒಂದು ರಾತ್ರಿ ಅವಳ ಫೋನಿನಲ್ಲಿ ಮೆಸೇಜ್ ಬಂತು. ಅವಳ ಅವ್ವನ ಖಾತೆಗೆ 4,000 ಹೋಗಿತ್ತು. ನಾನು ಕೇಳಿದೆ. ಅವಳು ಹೇಳಿದ್ದು ಇಷ್ಟೇ: "ಸಾರಿ ರೀ, ಮುಂದಿನ ತಿಂಗಳು ಕಳಿಸಲ್ಲ."

ಅವಳು ಒಂದು ವರ್ಷದಿಂದ ಕಳಿಸುತ್ತಿದ್ದಳು, ತನ್ನ ಸೀರೆ, ಆಟೋ ದುಡ್ಡು ಉಳಿಸಿ. ನನಗೆ ಮೊದಲು ಬಂದದ್ದು ಕೋಪ, ನನ್ನಿಂದ ಮುಚ್ಚಿಟ್ಟಳಲ್ಲ ಅಂತ. ಆಮೇಲೆ ಅವಳ ಆ "ಸಾರಿ" ನನಗೆ ನಿದ್ದೆ ಕೊಡಲಿಲ್ಲ. ನನ್ನ ಅಪ್ಪ-ಅಮ್ಮನಿಗೆ ಖರ್ಚು ಮಾಡೋಕೆ ನಾನು ಯಾವತ್ತೂ ಯಾರಿಗೂ ಸಾರಿ ಹೇಳಿಲ್ಲ, ಅಲ್ವಾ?

[ದೃಶ್ಯ: ನೋಟ್‌ಬುಕ್ ಪುಟ, ಮಧ್ಯೆ ಒಂದು ಗೆರೆ.]

ಆ ಭಾನುವಾರ ಇಬ್ಬರೂ ಕೂತು ಪುಟದ ಮಧ್ಯೆ ಗೆರೆ ಎಳೆದೆವು. ಒಂದು ಕಡೆ ನಮ್ಮ ಅಪ್ಪ-ಅಮ್ಮ, ಇನ್ನೊಂದು ಕಡೆ ಅವಳ ಅಪ್ಪ-ಅವ್ವ.

ನಮ್ಮ ಕಡೆ ಬರೆಯೋಕೆ ಏನೂ ಇಲ್ಲ ಅಂದುಕೊಂಡಿದ್ದೆ. ನಾನು ಅವರಿಗೆ ದುಡ್ಡು ಕಳಿಸುವುದಿಲ್ಲವಲ್ಲ. ಅವಳು ಪೆನ್ನು ತಗೊಂಡಳು. ಅಪ್ಪನ ಬಿಪಿ, ಶುಗರ್ ಮಾತ್ರೆ 2,600. ಇಬ್ಬರ ಊಟ, ಹಾಲು, ಕರೆಂಟು ಸೇರಿ 6,400. ಅವರಿಗಾಗಿ ಒಂದು ಕೋಣೆ ಜಾಸ್ತಿ ಇರುವ ಮನೆ ಹಿಡಿದಿದ್ದಕ್ಕೆ ಬಾಡಿಗೆ 4,000 ಹೆಚ್ಚು. ಒಟ್ಟು 13,000.

ಜೊತೆಯಲ್ಲಿರುವ ಹೆತ್ತವರ ಖರ್ಚು ಯಾರಿಗೂ ಕಾಣುವುದಿಲ್ಲ. ಅದು ರೇಷನ್ ಚೀಟಿಯಲ್ಲಿ, ಬಾಡಿಗೆಯಲ್ಲಿ ಕರಗಿ ಹೋಗುತ್ತದೆ. ದೂರದವರಿಗೆ ಕಳಿಸಿದ್ದು ಮಾತ್ರ ಬ್ಯಾಂಕ್ ಮೆಸೇಜ್ ಆಗಿ ಕಣ್ಣಿಗೆ ಹೊಡೆಯುತ್ತದೆ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ಆದರೆ ಲೆಕ್ಕ ನ್ಯಾಯವಾಗಿರಬೇಕು. ನನ್ನ ಅಮ್ಮ ಮಗುವನ್ನು ದಿನವಿಡೀ ನೋಡಿಕೊಳ್ಳುತ್ತಾರೆ. ಹೊರಗೆ ಬಿಟ್ಟರೆ ನಮಗೆ ತಿಂಗಳಿಗೆ ಸುಮಾರು 5,000 ಆಗುತ್ತಿತ್ತು. ಅದನ್ನೂ ಅವಳೇ ಬರೆದಳು. 13,000ದಲ್ಲಿ ಅದನ್ನು ಕಳೆದರೆ 8,000. ಆ ಕಡೆ 4,000, ಅದೂ ಕದ್ದು ಕಳಿಸಿದ್ದು.

[ದೃಶ್ಯ: ಕ್ಯಾಮೆರಾ ಮುಖದ ಹತ್ತಿರ.]

ಹಾಗಾದರೆ ಎರಡೂ ಕಡೆ ಸಮ ಮಾಡಿಬಿಡೋಣ, ಅವರಿಗೂ 8,000 ಕಳಿಸೋಣ ಅಂದೆ. ಅವಳು ಒಪ್ಪಲಿಲ್ಲ. "ಅವರಿಗೆ ಎಷ್ಟು ಬೇಕು ಅಂತ ಮೊದಲು ಕೇಳೋಣ ರೀ" ಅಂದಳು. ಅವಳ ಮಾತೇ ಸರಿ. ನಾನು ತಪ್ಪು ತೂಗಿಸೋಕೆ ಹೊರಟಿದ್ದೆ. ಅವರ ಮನೆಯ ಕಷ್ಟ ಬೇರೆ ತರಹ ಇತ್ತು.

ಕಬ್ಬು ನಾಟಿ ಮಾಡಿದರೆ ಕಟಾವಿಗೆ ಹೆಚ್ಚುಕಮ್ಮಿ ಒಂದು ವರ್ಷ. ದುಡ್ಡು ಬರುವುದು ಒಂದೇ ಸಲ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಬಿಲ್ ಕೊಡಬೇಕು ಅಂತ ನಿಯಮವಿದೆ, ಆದರೆ ತಿಂಗಳುಗಟ್ಟಲೆ ಎಳೆದದ್ದನ್ನು ಅವರು ಕಂಡಿದ್ದಾರೆ. ನಡುವೆ ಗೊಬ್ಬರಕ್ಕೆ, ಕೂಲಿಗೆ ಮಾವ ಪ್ರತಿ ವರ್ಷ 30,000 ಕೈಸಾಲ ಮಾಡುತ್ತಿದ್ದರು, ಮೂರು ರೂಪಾಯಿ ಬಡ್ಡಿಗೆ. ಅಂದರೆ ತಿಂಗಳಿಗೆ 900. ಹತ್ತು ತಿಂಗಳಿಗೆ 9,000. ಮಗಳು ವರ್ಷವಿಡೀ ಕಳಿಸಿದ 48,000ದಲ್ಲಿ 9,000 ಸುಮ್ನೆ ಬಡ್ಡಿಗೆ ಹೋದಂತಾಯಿತು.

ಇನ್ನೊಂದು ಗಂಟು ಇತ್ತು. ಈ ದುಡ್ಡು ಬರುತ್ತಿದ್ದುದು ಮಾವನಿಗೆ ಗೊತ್ತೇ ಇರಲಿಲ್ಲ. ಕೊಟ್ಟ ಹೆಣ್ಣಿನ ಮನೆಯ ದುಡ್ಡು ಮುಟ್ಟಬಾರದು ಅನ್ನುವವರು ಅವರು. ಅತ್ತೆ ಅದನ್ನು ಹಾಲಿನ ದುಡ್ಡು ಅಂತ ಹೇಳಿ ಮನೆ ನಡೆಸುತ್ತಿದ್ದರು. ಎರಡು ಮನೆಯಲ್ಲೂ ಹೆಂಗಸರೇ ಮುಚ್ಚಿಡುತ್ತಿದ್ದರು, ನೋಡಿ.

ನಾವು ಹೀಗೆ ಮಾಡಿದೆವು. ಅತ್ತೆಯ ಖಾತೆಗೆ ಪ್ರತಿ ತಿಂಗಳು 5ನೇ ತಾರೀಖು 3,000, ಮಾತ್ರೆಗೆ ಮತ್ತು ಮನೆಖರ್ಚಿಗೆ. ಇದು ಅವಳ ಸಂಬಳದಿಂದ ಹೋಗುವುದಿಲ್ಲ, ಇಬ್ಬರೂ ಹಾಕುವ ಮನೆ ಖಾತೆಯಿಂದ ಹೋಗುತ್ತದೆ. ನನ್ನ ಅಪ್ಪನ ಮಾತ್ರೆಯೂ ಅದೇ ಖಾತೆಯಿಂದ. ಅವಳ ಹೆತ್ತವರಿಗೆ ಅವಳ ಸಂಬಳ, ನನ್ನವರಿಗೆ ಮನೆಯ ದುಡ್ಡು ಅಂತ ಇಟ್ಟರೆ ಮುಜುಗರ ಅವಳೊಬ್ಬಳ ತಲೆಯ ಮೇಲೇ ಉಳಿಯುತ್ತದೆ. ಅವಳ ಅಪ್ಪ-ಅವ್ವನ ಆರೋಗ್ಯ ವಿಮೆಯ ಕಂತು ಮಾತ್ರ ಅವಳ ಖಾತೆಯಿಂದ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಕಂತಿನ ಮೇಲೆ ತೆರಿಗೆ ವಿನಾಯಿತಿ ಸಿಗುವುದು ಅವರವರ ಹೆತ್ತವರಿಗೆ ಕಟ್ಟಿದ್ದಕ್ಕೆ. ಅತ್ತೆ-ಮಾವನಿಗೆ ಕಟ್ಟಿದ್ದಕ್ಕೆ ಸಿಗುವುದಿಲ್ಲ.

ಉಳಿದದ್ದು ಆ 30,000. ಅದನ್ನು ಕೊಡೋಕೆ ನಾನೇ ಊರಿಗೆ ಹೋದೆ. ಜಗಲಿ ಮೇಲೆ ಕೂತು ಹೇಳಿದೆ: "ಮಾವ, ಇದು ಕೊಡುಗೆ ಅಲ್ಲ, ಕೈಗಡ. ಬಡ್ಡಿ ಬೇಡ. ಕಬ್ಬಿನ ಬಿಲ್ ಬಂದಾಗ ವಾಪಸ್ ಕೊಡಿ."

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಬಿಲ್ ತಡ ಆದರೆ?"

"ತಡವಾಗಿಯೇ ಕೊಡಿ."

ತಗೊಂಡರು. ಆ ವರ್ಷ ಪೂರ್ತಿ 30,000 ವಾಪಸ್ ಕೊಟ್ಟರು, ನೋಟು ಎಣಿಸಿ. 3,000ದ ವಿಷಯವನ್ನು ಅತ್ತೆ ಅದೇ ದಿನ ಅವರಿಗೆ ಹೇಳಿದರು.

[ದೃಶ್ಯ: ಮತ್ತೆ ನೋಟ್‌ಬುಕ್.]

ಎರಡನೇ ವರ್ಷವೂ 30,000 ಕೈಗಡ ಕೊಟ್ಟೆವು. ಆ ಸಲ ಇಳುವರಿ ಕಮ್ಮಿಯಾಯಿತು. 18,000 ವಾಪಸ್ ಬಂತು. ಕೊಡುವ ಮೊದಲೇ ನಾವಿಬ್ಬರೂ ಒಂದು ಮಾತು ಬರೆದಿಟ್ಟಿದ್ದೆವು: ಪೂರ್ತಿ ಬರದಿದ್ದರೆ ಕೇಳುವುದಿಲ್ಲ, ಮುಖ ಸಣ್ಣ ಮಾಡುವುದಿಲ್ಲ. ಅಷ್ಟು ಹೋದರೂ ನಮ್ಮ ಮನೆ ನಡೆಯುತ್ತದಾ ಅಂತ ನೋಡಿಯೇ 30,000ಕ್ಕೆ ನಿಲ್ಲಿಸಿದ್ದು. ಹಾಗಾಗಿ ಆ 12,000 ನಮ್ಮ ನಡುವೆ ಜಗಳವಾಗಲಿಲ್ಲ. ನಿಮ್ಮ ಕೈಲಿ ಮರೆಯೋಕೆ ಆಗುವಷ್ಟನ್ನೇ ಕೊಡಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ಪ್ರತಿ ಹಬ್ಬದಲ್ಲೂ ಅದು ಎದುರಿಗೆ ಬಂದು ಕೂರುತ್ತದೆ.

ಇನ್ನೊಂದು ಕರಾರೂ ಇದೆ. ಯಾವ ಕಡೆಯವರು ಕೇಳಿದರೂ, 5,000 ದಾಟಿದರೆ ಫೋನಿನಲ್ಲೇ ಒಪ್ಪುವಂತಿಲ್ಲ. "ನಾಳೆ ಹೇಳ್ತೀನಿ ಅವ್ವ" ಅಂತ ಇಡಬೇಕು. ಇಲ್ಲ ಅನ್ನಬೇಕಾದರೆ ಅವರವರ ಹೆತ್ತವರಿಗೆ ಅವರವರೇ ಹೇಳಬೇಕು. "ಅವರು ಬೇಡ ಅಂದರು" ಅನ್ನುವ ಹಾಗಿಲ್ಲ. ನನ್ನ ಅಪ್ಪ ಹೊಸ ಸ್ಕೂಟರ್ ಕೇಳಿದಾಗ ಇದನ್ನು ಮೊದಲು ಮುರಿಯೋಕೆ ಹೊರಟವನು ನಾನೇ. ಸೊಸೆಯ ಮೇಲೆ ಹಾಕುವುದು ಅಷ್ಟು ಸುಲಭ.

"ಮದುವೆಯಾದ ಮಗಳಿಗೆ ಈ ಜವಾಬ್ದಾರಿ ಯಾಕೆ" ಅಂತ ನಮ್ಮ ನೆಂಟರೇ ಕೇಳಿದ್ದಾರೆ. ಹೆತ್ತವರನ್ನು ನೋಡಿಕೊಳ್ಳುವ ಹೊಣೆ ಸ್ವಂತ ಆದಾಯವಿರುವ ಮದುವೆಯಾದ ಮಗಳಿಗೂ ಇದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲೂ ಮಕ್ಕಳು ಅಂದರೆ ಮಗ, ಮಗಳು ಇಬ್ಬರೂ. ಬೆಂಗಳೂರಿನಲ್ಲಿರುವ ಅವಳ ತಮ್ಮನಿಗೂ ಅವಳು ನೋಟ್‌ಬುಕ್ ಪುಟದ ಫೋಟೋ ಕಳಿಸಿದಳು. ಅವನು ಈಗ ಗ್ಯಾಸ್ ಮತ್ತು ಫೋನ್ ಖರ್ಚು ನೋಡಿಕೊಳ್ಳುತ್ತಾನೆ.

[ದೃಶ್ಯ: ನೋಟ್‌ಬುಕ್‌ನ ಕೊನೆಯ ಪುಟ. ಒಂದೇ ಸಾಲು, ಮುಂದೆ ಖಾಲಿ.]

ಒಂದು ಸಾಲು ಇನ್ನೂ ತುಂಬಿಲ್ಲ. ಮಾವನಿಗೆ ಮಂಡಿ ನೋವು ಹೆಚ್ಚುತ್ತಿದೆ. ಅವರಿಬ್ಬರೇ ಹಳ್ಳಿಯಲ್ಲಿರೋಕೆ ಆಗದ ದಿನ ಬಂದರೆ, ನಮ್ಮ ಈ ಮನೆಯಲ್ಲಿ ಕೋಣೆ ಎಲ್ಲಿದೆ? ಈ ಮಾತನ್ನು ನನ್ನ ಅಪ್ಪ-ಅಮ್ಮನ ಹತ್ತಿರ ಎತ್ತಬೇಕಾದವನು ನಾನು. ಈ ಭಾನುವಾರ ಎತ್ತುತ್ತೇನೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ.