ಖಬ್ಬಾಝ್, ಖಯ್ಯಾತ್, ಹಮಾಲಿ: ಎಲ್ಲಾ ಒಂದೇ ಅಚ್ಚು

ಗಲ್ಫಿಗೆ ಹೊರಟವರು ಅರಬ್ಬಿ ಕಲಿಯೋಕೆ ಕೂತರೆ ಮೊದಲು ಕೈಗೆ ಸಿಗೋದೇ ಕಸುಬುಗಳ ಪಟ್ಟಿ. ರೊಟ್ಟಿ ಸುಡುವವನು ಖಬ್ಬಾಝ್, ದರ್ಜಿ ಖಯ್ಯಾತ್, ಬಡಗಿ ನಜ್ಜಾರ್, ಕಮ್ಮಾರ ಹದ್ದಾದ್, ಡ್ರೈವರ್ ಸವ್ವಾಕ್. ಬಾಯಿಪಾಠ ಮಾಡಿ ಅನ್ನುತ್ತಾರೆ. ಯಾಕೆ ಮಾಡಬೇಕು ಸ್ವಾಮಿ? ಒಂದ್ಸಲ ಜೋರಾಗಿ ಓದಿ ನೋಡಿ, ಐದಕ್ಕೂ ತಾಳ ಒಂದೇ ಅಲ್ವಾ?

ನಾವು ಕನ್ನಡದಲ್ಲಿ ಪದದ ಬಾಲಕ್ಕೆ ಏನಾದ್ರೂ ಅಂಟಿಸುತ್ತೇವೆ, ಹಾಡು ಇದ್ದದ್ದು ಹಾಡುಗಾರ ಆಗುತ್ತದೆ. ಅರಬ್ಬಿ ಹಾಗಲ್ಲ, ಅದು ಪದದ ಹೊಟ್ಟೆಯೊಳಗೇ ಕೈ ಹಾಕುತ್ತದೆ. ಸಾಮಾನ್ಯವಾಗಿ ಒಂದು ಧಾತುವಿಗೆ ಮೂರು ವ್ಯಂಜನ. ರೊಟ್ಟಿಗೆ ಖ, ಬ, ಝ. ಗಲ್ಫಿನಲ್ಲಿ ಇದ್ದವರು ತಿಂದ ಖುಬ್ಬೂಸ್ ಇದೇ ಮನೆಯದು. ಮೊದಲನೆಯದಕ್ಕೆ ಅ ಕೊಡಿ, ನಡುವಿನದನ್ನು ಒತ್ತಿ ಹೇಳಿ, ಅದಕ್ಕೆ ಆ ಸೇರಿಸಿ: ಖಬ್ಬಾಝ್. ಇಷ್ಟೇ.

ಸುಮ್ನೆ ಈಗ ರೊಟ್ಟಿ ಸುಡುತ್ತಿರುವವನು ಖಾಬಿಝ್. ದಿನಾ ಅದನ್ನೇ ಮಾಡುವವನು ಖಬ್ಬಾಝ್. ಅಂದ್ರೆ ಆ ಒತ್ತಕ್ಷರದಲ್ಲಿ ಇರೋದು ರೂಢಿ, ಸಂಬಳ ಅಲ್ಲ. ಅದಕ್ಕೇ ಒಂದು ಸುಳ್ಳು ಹೇಳಿದವನು ಕಾದಿಬ್, ಸುಳ್ಳನ್ನೇ ಕಸುಬು ಮಾಡಿಕೊಂಡವನು ಕದ್ದಾಬ್.

ಈ ಅಚ್ಚು ನಮಗೆ ಹೊಸದೇನೂ ಅಲ್ಲ. ಪಾರ್ಸಿ, ಉರ್ದು ದಾಟಿ ಬಂದ ಹಮಾಲಿ ಮೂಲದಲ್ಲಿ ಹಮ್ಮಾಲ್, ಹೊರುವವನು. ನಮ್ಮ ಬಾಯಲ್ಲಿ ಒತ್ತು ಸವೆದು ಹೋಯಿತು. ದಲ್ಲಾಳಿ ಮಾತ್ರ ಒತ್ತು ಬಿಟ್ಟುಕೊಡಲಿಲ್ಲ, ದಲ್ಲಾಳಿ ಯಾವುದನ್ನು ತಾನೇ ಬಿಟ್ಟುಕೊಟ್ಟಾನು!

ಇನ್ನು ಎಡವೋ ಜಾಗ. ದರ್ಜಿಯನ್ನೇ ತಗೊಳ್ಳಿ. ಹೊಲಿದ ಅನ್ನೋಕೆ ಖಾತ. ಇದರಲ್ಲಿ ನಡುವಿನ ವ್ಯಂಜನವೇ ಕಾಣಿಸಲ್ಲ, ಏನನ್ನು ಒತ್ತಿ ಹೇಳೋದು? ಆಗ ಹೊಲಿಯುತ್ತಾನೆ ಅನ್ನುವ ರೂಪ ಕೇಳಿ ನೋಡಿ: ಯಖೀತು. ಆ ಈಕಾರದ ಹಿಂದೆ ಅಡಗಿರೋದು ಯ. ಹಾಗಾಗಿ ಖಯ್ಯಾತ್. ಗಾಡಿ ಓಡಿಸಿದ ಅಂದ್ರೆ ಸಾಕ, ಓಡಿಸುತ್ತಾನೆ ಅಂದ್ರೆ ಯಸೂಕು. ಊಕಾರ ಬಂತು, ಅಲ್ಲಿಗೆ ಅಡಗಿದ್ದು ವ ಅಂತ ಆಯ್ತು, ಸವ್ವಾಕ್. ಇದೊಂದು ಗೊತ್ತಿದ್ದರೆ ಪಟ್ಟಿಯಲ್ಲಿ ಇಲ್ಲದ ಪದವನ್ನೂ ನೀವೇ ಕಟ್ಟಬಹುದು. ಮಾರಿದ ಅನ್ನೋದು ಬಾಅ, ಮಾರುತ್ತಾನೆ ಅನ್ನೋದು ಯಬೀಉ, ಮಾರುವವನು ಯಾರು? ಬಯ್ಯಾಅ್.

ಕ್ರಿಯಾಪದವೇ ಬೇಕು ಅಂತಲೂ ಇಲ್ಲ. ಕಬ್ಬಿಣ ಹದೀದ್, ಅದರ ಈಕಾರ ಬಿಸಾಕಿ ಹ, ದ, ದ ಇಟ್ಟುಕೊಂಡರೆ ಹದ್ದಾದ್ ಸಿಗುತ್ತಾನೆ. ಒಂಟೆ ಜಮಲ್, ಒಂಟೆಯವನು ಜಮ್ಮಾಲ್. ಇಲ್ಲೇ ಹುಷಾರಾಗಿರಿ, ಒತ್ತು ಬಿಟ್ಟು ಜಮಾಲ್ ಅಂದ್ರೆ ಸೌಂದರ್ಯ ಆಗಿಬಿಡುತ್ತದೆ. ಕತ್ತೆ ಹಿಮಾರ್, ಕತ್ತೆ ಹೊಡೆಯುವವನು ಹಮ್ಮಾರ್. ತಮಾಷೆ ಅಂದ್ರೆ ಬರೆಯುವಾಗ ಒತ್ತಿನ ಗುರುತನ್ನಾಗಲಿ ಹ್ರಸ್ವ ಸ್ವರವನ್ನಾಗಲಿ ಸಾಮಾನ್ಯವಾಗಿ ಹಾಕುವುದಿಲ್ಲ. ಕತ್ತೆಗೂ ಕತ್ತೆಯವನಿಗೂ ಅಕ್ಷರ ಅವೇ. ಸುತ್ತಲಿನ ಮಾತು ನೋಡಿಯೇ ಯಾರು ಯಾರು ಅಂತ ತಿಳಿಯಬೇಕು.

ಕೆಲವರು ಹೇಳುತ್ತಾರೆ, ಇದು ಕೂಲಿ ಕೆಲಸದ ಅಚ್ಚು, ದೊಡ್ಡ ಹುದ್ದೆಗೆಲ್ಲ ಮು ಅಂತ ಶುರುವಾಗೋ ಹೆಸರು ಬೇಕು ಅಂತ. ಮೇಷ್ಟ್ರು ಮುದರ್ರಿಸ್, ಲೆಕ್ಕಿಗ ಮುಹಾಸಿಬ್, ಎಂಜಿನಿಯರ್ ಮುಹಂದಿಸ್. ನಾನು ಒಪ್ಪಲ್ಲ. ಕಾರಣ ದರ್ಜೆ ಅಲ್ಲ, ವ್ಯಾಕರಣ. ಮುದರ್ರಿಸ್, ಮುಹಾಸಿಬ್ ಹುಟ್ಟಿದ್ದು ಧಾತುವನ್ನು ಹಿಗ್ಗಿಸಿ ಮಾಡಿದ ಕ್ರಿಯಾಪದದಿಂದ, ಅವಕ್ಕೆ ಮು ಬಂದೇ ಬರುತ್ತದೆ. ಮುಹಂದಿಸ್‌ನಲ್ಲಂತೂ ಹ, ನ, ದ, ಸ ಅಂತ ನಾಲ್ಕು ವ್ಯಂಜನ. ಮೂರು ಹಿಡಿಸೋ ಅಚ್ಚಿನೊಳಗೆ ನಾಲ್ಕನ್ನು ಎಲ್ಲಿ ತುರುಕೋದು? ಆಪರೇಷನ್ ಮಾಡೋ ಡಾಕ್ಟರು ಜರ್ರಾಹ್, ವಿಮಾನದ ಪೈಲಟ್ ತಯ್ಯಾರ್. ಇಬ್ಬರೂ ಖಬ್ಬಾಝ್‌ನ ಸಾಲಿನವರೇ, ಇವರದ್ದು ಕೂಲಿ ಕೆಲಸಾನಾ? ಹಾಗಂತ ಎಲ್ಲದಕ್ಕೂ ಈ ಅಚ್ಚು ಓಡಲ್ಲ ಅನ್ನೋದೂ ನಿಜ. ಮಾಮೂಲಿ ವೈದ್ಯ ತಬೀಬ್, ಗುಮಾಸ್ತ ಕಾತಿಬ್, ಇವಕ್ಕೆ ಬೇರೆಯದೇ ಅಚ್ಚು.

ಅಚ್ಚು ಹಳೇದಾಯ್ತು, ಇನ್ನು ಹೊಸ ಪದ ಹುಟ್ಟಲ್ಲ ಅನ್ನೋದೂ ಸರಿಯಲ್ಲ. 1932ರಲ್ಲಿ ಕೈರೋದಲ್ಲಿ ಸ್ಥಾಪನೆಯಾದ ಅರಬ್ಬಿ ಭಾಷಾ ಅಕಾಡೆಮಿ, ಹೊಸ ಕಸುಬಿಗೂ ಇದನ್ನೇ ನಿಯಮವಾಗಿ ಬಳಸಬಹುದು ಅಂತ ತೀರ್ಮಾನ ಮಾಡಿತು. ಇದರ ಸ್ತ್ರೀಲಿಂಗ ರೂಪ ಯಂತ್ರಗಳಿಗೂ ಬಂತು, ವಾಷಿಂಗ್ ಮಷೀನ್ ಗಸ್ಸಾಲ, ಫ್ರಿಜ್ಜು ತಲ್ಲಾಜ. ಆದರೆ ಜನ ಅಕಾಡೆಮಿಯನ್ನು ಕೇಳಿ ಮಾತಾಡ್ತಾರಾ? ಅದೇ ಕೈರೋದ ಬೀದಿಯಲ್ಲಿ ಇಸ್ತ್ರಿ ಮಾಡುವವನಿಗೆ ಕವ್ವಾ ಅನ್ನದೆ, ತುರ್ಕಿಯಿಂದ ಬಂದ ಬಾಲ ಅಂಟಿಸಿ ಮಕ್ವಗಿ ಅಂತಲೇ ಕೂಗುತ್ತಾರೆ.