ಲಾರಿ ಬಾಡಿಗೆ ಯಾವ ಖಾತೆಗೆ?

ಕೇಳುಗರೆ, ನಮಸ್ಕಾರ.

ನಾನು ಲೆಕ್ಕಪತ್ರದ ಕೆಲಸದವನು. ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಒಂದು ಕುಟುಂಬದ ವ್ಯವಹಾರಕ್ಕೆ ಇಆರ್‌ಪಿ ತರುವ ಕೆಲಸದಲ್ಲಿದ್ದೆ. ಇಡೀ ವ್ಯವಹಾರದ ಲೆಕ್ಕವನ್ನು ಒಂದೇ ಕಡೆ ಇಡುವ ಸಾಫ್ಟ್‌ವೇರ್ ಅದು. ಅವರದು ಮೂರು ಕಂಪನಿ. ಒಂದು ಬೆಳೆಗಾರರಿಂದ ಕಾಫಿ ಕೊಂಡು ಹದ ಮಾಡುವ ಕ್ಯೂರಿಂಗ್ ವರ್ಕ್ಸ್. ಇನ್ನೊಂದರಲ್ಲಿ 12 ಕಾಫಿಪುಡಿ ಅಂಗಡಿಗಳು. ಮೂರನೆಯದು ಲಾರಿಗಳದ್ದು. ಮೂರೂ ಕಡೆ ಬೇರೆ ಬೇರೆ ಟ್ಯಾಲಿ, ಬೇರೆ ಬೇರೆ ಗುಮಾಸ್ತರು. ಈಗ ಮೂವರಿಗೂ ಒಂದೇ ಖಾತೆಪಟ್ಟಿ ಬೇಕಿತ್ತು. ಅದನ್ನೇ ಚಾರ್ಟ್ ಆಫ್ ಅಕೌಂಟ್ಸ್ ಅನ್ನುತ್ತಾರೆ.

ಮೊದಲ ದಿನ ಮೂರೂ ಕಡೆಯ ಲೆಡ್ಜರ್ ಪಟ್ಟಿ ಪ್ರಿಂಟ್ ತೆಗೆಸಿದೆ. ದೊಡ್ಡ ಕಟ್ಟೇ ಆಯಿತು. ಆದರೆ ಅದರಲ್ಲಿ ಮುಕ್ಕಾಲು ಪಾಲು ಜನರ ಹೆಸರು. ಟ್ಯಾಲಿಯಲ್ಲಿ ಪ್ರತಿ ಬೆಳೆಗಾರನೂ, ಪ್ರತಿ ಗಿರಾಕಿಯೂ ಒಂದೊಂದು ಲೆಡ್ಜರ್ ಅಲ್ವಾ? ಇಆರ್‌ಪಿಯಲ್ಲಿ ಹಾಗಲ್ಲ. ಜನರೆಲ್ಲ ಗಿರಾಕಿಗಳ, ಸರಬರಾಜುದಾರರ ಮಾಸ್ಟರ್ ಅನ್ನುವ ಬೇರೆ ಪಟ್ಟಿಯಲ್ಲಿ ಇರುತ್ತಾರೆ. ಖಾತೆಪಟ್ಟಿಯಲ್ಲಿ ಅವರೆಲ್ಲರ ಪರವಾಗಿ ಒಟ್ಟು ಬಾಕಿ ತೋರಿಸುವ ಒಂದೊಂದು ಕಂಟ್ರೋಲ್ ಖಾತೆ ಸಾಕು. ಅವರನ್ನು ತೆಗೆದಿಟ್ಟ ಮೇಲೆ ಕಟ್ಟು ತೆಳ್ಳಗಾಯಿತು. ನಿಜವಾದ ಕೆಲಸ ಶುರುವಾದದ್ದು ಉಳಿದದ್ದರಲ್ಲಿ.

ಮೂರೂ ಪಟ್ಟಿಯಲ್ಲಿ 'ಲಾರಿ ಬಾಡಿಗೆ' ಅನ್ನುವ ಹೆಸರಿತ್ತು. ಒಂದೇ ಹೆಸರು, ಸುಮ್ನೆ ಒಟ್ಟುಗೂಡಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ಲಾರಿ ಕಂಪನಿಗೆ ಬಾಡಿಗೆ ಅಂದರೆ ಆದಾಯ. ಅಂಗಡಿಯಿಂದ ಹೋಟೆಲುಗಳಿಗೆ ಪುಡಿ ಕಳಿಸುವಾಗ ಕೊಡುವ ಬಾಡಿಗೆ ಮಾರಾಟದ ಖರ್ಚು. ಕ್ಯೂರಿಂಗ್‌ನವರು ಎಸ್ಟೇಟಿನಿಂದ ಕಾಫಿ ತರಿಸಲು ಕೊಡುವ ಬಾಡಿಗೆ ಇವೆರಡೂ ಅಲ್ಲ. ಸರಕನ್ನು ಗೋದಾಮಿಗೆ ತಂದು ಸೇರಿಸಲು ಆದ ಖರ್ಚು ಸರಕಿನ ಬೆಲೆಗೇ ಸೇರಬೇಕು. ಆ ಕಾಫಿ ಮಾರಾಟವಾಗುವ ತನಕ ಬಾಡಿಗೆಯೂ ಸ್ಟಾಕಿನ ಜೊತೆ ಗೋದಾಮಿನಲ್ಲೇ ಕೂತಿರುತ್ತದೆ. ಮೂರನ್ನೂ ಒಂದೇ ಖಾತೆಗೆ ಹಾಕಿದರೆ ಲಾಭದ ಲೆಕ್ಕವೇ ತಪ್ಪುತ್ತದೆ.

ಹಾಗಾಗಿ ಮೂರು ಖಾತೆ ಮಾಡಿದೆವು. ಸಾಗಣೆ ಆದಾಯ 410300. ಒಳಬರುವ ಸಾಗಣೆ 510200. ಹೊರಹೋಗುವ ಸಾಗಣೆ 720100. ಮೊದಲ ಅಂಕಿ ಖಾತೆಯ ಜಾತಿ ಹೇಳುತ್ತದೆ: 4 ಆದಾಯ, 5 ಸರಕಿನ ವೆಚ್ಚ, 7 ಇತರ ಖರ್ಚು. ನಡುವೆ ಖಾಲಿ ನಂಬರುಗಳನ್ನು ಬಿಟ್ಟೆವು, ಮುಂದೆ ಹೊಸ ಖಾತೆ ಬಂದರೆ ಪಕ್ಕದಲ್ಲೇ ಜಾಗ ಇರಲಿ ಅಂತ.

ಇಲ್ಲಿ ಹಿರಿಯ ಗುಮಾಸ್ತರೊಬ್ಬರು ತಕರಾರು ತೆಗೆದರು. "ಸಾರ್, ನಂಬರಿನಲ್ಲಿ ಅಂಗಡಿ ಹೆಸರೇ ಇಲ್ಲವಲ್ಲ? ಅರಸೀಕೆರೆ ಅಂಗಡಿಯ ಕರೆಂಟ್ ಬಿಲ್ ಎಷ್ಟಾಯಿತು ಅಂತ ಯಜಮಾನರು ಕೇಳಿದರೆ ನಾನು ಎಲ್ಲಿ ಹುಡುಕಲಿ?" ಅವರ ಹಳೆಯ ಪುಸ್ತಕದಲ್ಲಿ ಅರಸೀಕೆರೆ ಕರೆಂಟ್, ಬೇಲೂರು ಕರೆಂಟ್, ಸಕಲೇಶಪುರ ಕರೆಂಟ್ ಅಂತ ಬೇರೆ ಬೇರೆ ಲೆಡ್ಜರ್ ಇದ್ದವು. ಅವರ ಪ್ರಶ್ನೆ ನ್ಯಾಯವಾದದ್ದೇ. ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಖರ್ಚಿನ ಬಗೆ 60, ಅಂಗಡಿ 12. ಎರಡನ್ನೂ ಖಾತೆಯೊಳಗೆ ತುಂಬಿದರೆ 720 ಖಾತೆ. ಹದಿಮೂರನೆಯ ಅಂಗಡಿ ತೆರೆದ ದಿನ ಇನ್ನೂ 60. ಅದರ ಬದಲು ಖಾತೆ 60, ಅಂಗಡಿಗೆ ಬೇರೆ ಪಟ್ಟಿಯಲ್ಲಿ 12 ಕಾಸ್ಟ್ ಸೆಂಟರ್. ಎಲ್ಲ ಸೇರಿ 72. ವೋಚರಿನ ಸಾಲಿನಲ್ಲಿ ಎರಡನ್ನೂ ಬರೆಯಬೇಕು: ಏನು ಖರ್ಚು ಅನ್ನುವುದು ಖಾತೆಯಲ್ಲಿ, ಯಾರ ಖರ್ಚು ಅನ್ನುವುದು ಕಾಸ್ಟ್ ಸೆಂಟರಿನಲ್ಲಿ. ಅರಸೀಕೆರೆಯ ಕರೆಂಟ್ ಬೇಕೆಂದರೆ ರಿಪೋರ್ಟಿನಲ್ಲಿ ಎರಡನ್ನೂ ಆರಿಸಿದರೆ ಆಯಿತು.

ಇದಕ್ಕೂ ಒಂದು ಮಿತಿ ಇದೆ. ಕಾಸ್ಟ್ ಸೆಂಟರ್ ಹಾಕದೆ ವೋಚರ್ ಸೇವ್ ಆಗುವಂತಿದ್ದರೆ ಅರ್ಧ ಖರ್ಚು ಅನಾಥವಾಗುತ್ತದೆ. ಅದಕ್ಕೆ ಖರ್ಚಿನ ಖಾತೆಗಳಿಗೆಲ್ಲ ಅದನ್ನು ಕಡ್ಡಾಯ ಮಾಡಿದೆವು. ಆದರೆ ಅಂಗಡಿ, ವಿಭಾಗ, ಪ್ರಾಜೆಕ್ಟ್, ಪ್ರದೇಶ ಅಂತ ಕಡ್ಡಾಯದ ಕಾಲಂಗಳೇ ಜಾಸ್ತಿಯಾದರೆ, ಕೆಲಸದ ಒತ್ತಡದಲ್ಲಿರುವ ಗುಮಾಸ್ತ ಪಟ್ಟಿಯಲ್ಲಿ ಮೊದಲು ಕಂಡದ್ದನ್ನೇ ಒತ್ತುತ್ತಾನೆ. ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಪಟ್ಟಿಯ ಮೊದಲ ಹೆಸರಿನ ಅಂಗಡಿ ಕಾರಣವಿಲ್ಲದೆ ನಷ್ಟ ತೋರಿಸುತ್ತಿರುತ್ತದೆ. ನಾವು ಎರಡೇ ಕಾಲಂ ಇಟ್ಟುಕೊಂಡೆವು. ಒಂದು ಕಾಸ್ಟ್ ಸೆಂಟರ್. ಇನ್ನೊಂದು, ಎದುರು ಪಕ್ಷ ನಮ್ಮದೇ ಕಂಪನಿಯಾಗಿದ್ದರೆ ಅದರ ಹೆಸರು.

ಈ ಎರಡನೆಯದು ಯಾಕೆ ಬೇಕು? ಲಾರಿ ಕಂಪನಿ ಎಸ್ಟೇಟಿನಿಂದ ಕ್ಯೂರಿಂಗ್‌ಗೆ ಕಾಫಿ ತಂದು 18,000 ರೂಪಾಯಿ ಬಿಲ್ ಮಾಡಿತು ಅನ್ನಿ. ತೆರಿಗೆಯ ಮಾತು ಈಗ ಬದಿಗಿರಲಿ. ಲಾರಿಯವರಿಗೆ 18,000 ಆದಾಯ, ಕ್ಯೂರಿಂಗ್‌ಗೆ 18,000 ವೆಚ್ಚ. ಆದರೆ ಮೂರೂ ಕಂಪನಿಯನ್ನು ಒಂದು ಮನೆ ಅಂತ ನೋಡಿದರೆ ದುಡ್ಡು ಹೋದದ್ದು ಎಡಗೈಯಿಂದ ಬಲಗೈಗೆ. ಒಟ್ಟು ಲೆಕ್ಕದಲ್ಲಿ ಎರಡನ್ನೂ ತೆಗೆಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಲಾರಿಗೆ ನಿಜವಾಗಿ ತಗುಲಿದ್ದು 15,000, ಉಳಿದ 3,000 ಲಾಭ ಅಂದುಕೊಳ್ಳಿ. ವರ್ಷದ ಕೊನೆಗೆ ಆ ಕಾಫಿಯ ಮೂರನೆಯ ಒಂದು ಭಾಗ ಗೋದಾಮಿನಲ್ಲೇ ಉಳಿದಿದ್ದರೆ, ಸ್ಟಾಕಿನ ಬೆಲೆಯೊಳಗೆ 1,000 ರೂಪಾಯಿ ಮನೆಯೊಳಗಿನ ಲಾಭ ಅಡಗಿರುತ್ತದೆ. ಅದನ್ನೂ ಕಳೆಯಬೇಕು. ವೋಚರಿನ ಸಾಲಿನಲ್ಲಿ ಎದುರು ಪಕ್ಷದ ಗುರುತಿಲ್ಲದಿದ್ದರೆ, ಸಾವಿರಾರು ಬಿಲ್ಲುಗಳಲ್ಲಿ ಮನೆಯದು ಯಾವುದು, ಹೊರಗಿನದು ಯಾವುದು ಅಂತ ಕೈಯಲ್ಲಿ ಹುಡುಕಬೇಕಾಗುತ್ತದೆ.

ಹಳೆಯ ಲೆಕ್ಕವನ್ನು ಹೊಸದಕ್ಕೆ ತರುವಾಗಲೂ ಬಾಡಿಗೆಯೇ ಕಾಡಿತು. ಹಳೆಯ ಹತ್ತು ಲೆಡ್ಜರ್ ಹೊಸ ಒಂದು ಖಾತೆಗೆ ಹೋದರೆ ಕೂಡಿಸಿದರಾಯಿತು. ಹಳೆಯ ಒಂದು ಹೊಸ ಎರಡಾಗಿ ಒಡೆದರೆ ಶಿಲ್ಕಿನಿಂದ ಏನೂ ಗೊತ್ತಾಗುವುದಿಲ್ಲ. ಕ್ಯೂರಿಂಗ್‌ನ ಹಳೆಯ 'ಲಾರಿ ಬಾಡಿಗೆ'ಯಲ್ಲಿ ಒಳಬಂದದ್ದೂ ಹೊರಹೋದದ್ದೂ ಬೆರೆತಿತ್ತು. ನಾವು ಏಪ್ರಿಲ್ 1ಕ್ಕೆ ಶುರು ಮಾಡಿದ್ದರಿಂದ ಆದಾಯ-ಖರ್ಚಿನ ಖಾತೆಗಳೆಲ್ಲ ಸೊನ್ನೆಯಿಂದ ಹೊರಟವು. ಆದರೂ ಬ್ಯಾಲೆನ್ಸ್ ಶೀಟಿನ ಪಕ್ಕದಲ್ಲಿ ಹಿಂದಿನ ವರ್ಷದ ಅಂಕಿ ತೋರಿಸಲೇಬೇಕು, ಲಾಭ-ನಷ್ಟದ ಪಟ್ಟಿಯಲ್ಲೂ ಅಷ್ಟೇ. ಒಂದು ವರ್ಷದ ಬಾಡಿಗೆ ವೋಚರುಗಳನ್ನು ಇಬ್ಬರು ಕೂತು ಒಂದೊಂದಾಗಿ ತಿರುವಿ ಬೇರೆ ಮಾಡಿದರು. ಬೇರೆ ದಾರಿ ಇರಲಿಲ್ಲ.

ಮೊದಲ ತಿಂಗಳ ಲೆಕ್ಕ ಮುಚ್ಚಿದ ದಿನ ಲಾರಿಯವರಿಗೆ ಕ್ಯೂರಿಂಗ್‌ನಿಂದ ಬರಬೇಕಾದದ್ದನ್ನೂ, ಕ್ಯೂರಿಂಗ್ ಲಾರಿಯವರಿಗೆ ಕೊಡಬೇಕಾದದ್ದನ್ನೂ ಪಕ್ಕಪಕ್ಕ ಇಟ್ಟೆವು. ಸೊನ್ನೆ ಬರಬೇಕಿತ್ತು, ಬರಲಿಲ್ಲ. ವ್ಯತ್ಯಾಸ ಸರಿಯಾಗಿ ಒಂದು ಟ್ರಿಪ್ಪಿನ ಬಾಡಿಗೆಯಷ್ಟು. ಲಾರಿ ಏಪ್ರಿಲ್ 30ರ ಸಂಜೆ ಗೇಟಿನೊಳಗೆ ಬಂದಿತ್ತು. ಲಾರಿ ಕಂಪನಿ ಅವತ್ತೇ ಬಿಲ್ ಬರೆದಿತ್ತು. ಕಾಗದ ಕ್ಯೂರಿಂಗ್‌ನ ಆಫೀಸಿಗೆ ತಲುಪಿದ್ದು ಮೇ 2ಕ್ಕೆ, ಅವರು ಬರೆದುಕೊಂಡದ್ದೂ ಆವತ್ತೇ.

ಯಾರದೂ ತಪ್ಪಲ್ಲ, ಖಾತೆಪಟ್ಟಿಯಲ್ಲೇ ಒಂದು ಖಾತೆ ಕಡಿಮೆ ಇತ್ತು. 'ಸರಕು ಬಂದಿದೆ, ಬಿಲ್ ಬರಬೇಕು' ಅನ್ನುವ ಹೊಸ ಖಾತೆಯನ್ನು ಹೊಣೆಗಳ ಕೆಳಗೆ ಸೇರಿಸಿದೆವು. ಈಗ ಗೇಟಿನಲ್ಲಿ ತೂಕದ ಚೀಟಿ ಹರಿದ ಕೂಡಲೇ ಬಾಡಿಗೆ ಆ ಖಾತೆಗೆ ಜಮಾ ಆಗುತ್ತದೆ, ಎದುರು ಪಕ್ಷದ ಕಾಲಂನಲ್ಲಿ ಲಾರಿ ಕಂಪನಿಯ ಹೆಸರಿನೊಂದಿಗೆ. ಬಿಲ್ ಬಂದ ದಿನ ಅಲ್ಲಿಂದ ತೆಗೆದು ಕೊಡಬೇಕಾದ ಖಾತೆಗೆ ಹಾಕುತ್ತಾರೆ. ಮೇ 31ರಂದು ಎರಡೂ ಕಡೆ ಮತ್ತೆ ಪಕ್ಕಪಕ್ಕ ಇಟ್ಟಾಗ ಸೊನ್ನೆ ಬಂತು.

ನಮಸ್ಕಾರ.