ಹಳೆ ಫೋಟೋದಲ್ಲಿ ಲ್ಯಾಂಡ್‌ಲೈನ್ ಕಂಡರೆ ದಶಕ ಊಹಿಸುವುದು ಹೇಗೆ?

[ಪರದೆ ಮೇಲೆ: ಡಯಲ್ ಫೋನ್, ಬಟನ್ ಫೋನ್, ಕಾರ್ಡ್‌ಲೆಸ್ ಫೋನ್ ಪಕ್ಕಪಕ್ಕದಲ್ಲಿ]

ನಮಸ್ಕಾರ. ಮನೆಯ ಹಳೆ ಆಲ್ಬಮ್‌ನಲ್ಲಿ ತಾರೀಖೇ ಇಲ್ಲದ ಫೋಟೋಗಳು ಎಷ್ಟೋ ಇರುತ್ತವೆ. ಅವುಗಳ ಮೂಲೆಯಲ್ಲಿ ಒಂದು ಫೋನ್ ಕಂಡರೆ ಬಿಡಬೇಡಿ. ಈ ಫೋಟೋ ಯಾವ ವರ್ಷಕ್ಕಿಂತ ಹಿಂದಿನದಲ್ಲ ಅನ್ನೋದನ್ನ ಅದು ಹೇಳುತ್ತದೆ. ಯಾವ ವರ್ಷದ ತನಕ ಅನ್ನೋದನ್ನ ಮಾತ್ರ ಹೇಳಲ್ಲ. ಅದಕ್ಕೆ ಸುತ್ತಲಿನ ವಸ್ತುಗಳನ್ನ ನೋಡಬೇಕು.

[ಕ್ಲೋಸ್‌ಅಪ್: ಕಪ್ಪು ಡಯಲ್ ಫೋನ್]

ಮೊದಲು ಡಯಲ್ ಫೋನ್. ಫೋಟೋ ಮಸುಕಾಗಿದ್ದರೂ ಡಯಲ್‌ನ ದುಂಡನೆ ಬಿಲ್ಲೆ ಗೊತ್ತಾಗುತ್ತದೆ. ರಿಸೀವರ್ ಫೋನಿನ ನೆತ್ತಿಯ ಮೇಲೆ ಅಡ್ಡಡ್ಡ ಮಲಗಿರುತ್ತದೆ. ಬಿಲ್ಲೆಯಲ್ಲಿ ಬೆರಳು ಹಾಕುವ ತೂತು ಹತ್ತು. ಕೆಳಗೆ ಬಲಗಡೆ ಸ್ವಲ್ಪ ಜಾಗ ಖಾಲಿ ಇದೆ, ಅಲ್ಲೊಂದು ಚಿಕ್ಕ ಲೋಹದ ಕೊಕ್ಕೆ. ತಿರುಗಿಸುವ ಬೆರಳು ಅದಕ್ಕೆ ತಾಗಿ ನಿಲ್ಲುತ್ತದೆ. ಈ ಖಾಲಿ ಜಾಗವನ್ನ ಚೆನ್ನಾಗಿ ನೆನಪಿಡಿ. ಈಗ ಅಲಂಕಾರಕ್ಕೆ ಮಾರುವ ಹಳೆ ಮಾದರಿಯ ಫೋನ್‌ಗಳಲ್ಲಿ ಹೆಚ್ಚಾಗಿ ತೂತಿನ ಜಾಗದಲ್ಲಿ ಬಟನ್ ಇರುತ್ತವೆ. ಸ್ಟಾರ್, ಹ್ಯಾಶ್ ಎರಡೂ ಸೇರಿ ಹನ್ನೆರಡು ಕಂಡರೆ ಅದು ಡಯಲ್ ಫೋನ್ ಅಲ್ಲವೇ ಅಲ್ಲ.

ನಮ್ಮ ದೇಶದಲ್ಲಿ ಈ ಫೋನ್‌ಗಳನ್ನ ಮುಖ್ಯವಾಗಿ ತಯಾರಿಸಿದ್ದು ಬೆಂಗಳೂರಿನ ದೂರವಾಣಿನಗರದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಕಾರ್ಖಾನೆ ಶುರುವಾಗಿದ್ದು 1948ರಲ್ಲಿ. ಹೊಳೆಯುವ ಕಪ್ಪು ಬೇಕಲೈಟ್ ಮೈ, ಬಟ್ಟೆಯ ನೂಲು ಸುತ್ತಿದ ವೈರ್ ಇದ್ದರೆ ಹಳೆಯ ತಲೆಮಾರಿನ ಫೋನ್. ತಿಳಿ ಬಣ್ಣದ ಪ್ಲಾಸ್ಟಿಕ್ ಮೈ, ಸ್ಪ್ರಿಂಗ್ ಥರ ಸುರುಳಿ ವೈರ್ ಇದ್ದರೆ ಅದಕ್ಕಿಂತ ಈಚಿನದು.

ಎಡವೋದು ಇಲ್ಲೇ. ಡಯಲ್ ಕಂಡ ಕೂಡಲೇ ಅರವತ್ತರ ದಶಕ ಅಂದುಬಿಡುತ್ತೇವೆ, ಅಲ್ವಾ? ಆಗ ಫೋನ್ ಸರ್ಕಾರದ ದೂರವಾಣಿ ಇಲಾಖೆಯ ಸ್ವತ್ತು. ಇಲಾಖೆ ಕೊಟ್ಟ ಫೋನ್ ಕೆಡದಿದ್ದರೆ ಬದಲಾಯಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಹಾಗಾಗಿ ತೊಂಬತ್ತರ ದಶಕದ ಫೋಟೋಗಳಲ್ಲೂ ಡಯಲ್ ಫೋನ್ ಸಿಗುತ್ತದೆ.

[ಪರದೆ ಮೇಲೆ: ಬಟನ್ ಫೋನ್]

ಬಟನ್ ಫೋನಿನಲ್ಲಿ ಗುಂಡಿಗಳು ಮೂರು ಸಾಲು, ನಾಲ್ಕು ಅಡ್ಡಸಾಲು. ರಿಸೀವರ್ ಹೆಚ್ಚಾಗಿ ಎಡಗಡೆ ಉದ್ದಕ್ಕೆ ಮಲಗಿರುತ್ತದೆ. ಅಮೆರಿಕದಲ್ಲಿ ಇದು 1963ರಲ್ಲೇ ಜನರ ಕೈಗೆ ಬಂತು, ಆಗ ಗುಂಡಿ ಹತ್ತೇ. ಸ್ಟಾರ್ ಮತ್ತು ಹ್ಯಾಶ್ ಸೇರಿದ್ದು 1968ರಲ್ಲಿ. ಭಾರತದ ಮನೆಗಳಲ್ಲಿ ಮಾತ್ರ ಇಷ್ಟು ಹಿಂದಕ್ಕೆ ಹೋಗಬೇಡಿ. ಎಂಬತ್ತರ ದಶಕದ ಮಧ್ಯದಲ್ಲಿ ಖಾಸಗಿ ಕಂಪನಿಗಳಿಗೂ ಫೋನ್ ತಯಾರಿಸಲು ಅವಕಾಶ ಸಿಕ್ಕಿತು. ಬಟನ್ ಫೋನ್ ಇಲ್ಲಿ ಹರಡಿದ್ದು ಆಮೇಲೆ.

[ಪರದೆ ಮೇಲೆ: ಬೆಂಗಳೂರಿನ ಒಂದು ಮನೆಯ ಹಾಲ್, ಕಲರ್ ಫೋಟೋ]

ಈಗ ಈ ಫೋಟೋ ನೋಡಿ. ಸ್ಟೂಲ್ ಮೇಲೆ ಬಿಳಿ ಫೋನ್, ಸುರುಳಿ ವೈರ್, ಹನ್ನೆರಡು ಗುಂಡಿ. ಅಂದರೆ ಎಂಬತ್ತರ ದಶಕದ ಮಧ್ಯಕ್ಕಿಂತ ಹಿಂದಿನದಲ್ಲ. ಕರೆ ಮಾಡಿದವರ ನಂಬರ್ ತೋರಿಸುವ ಸ್ಕ್ರೀನ್ ಇಲ್ಲ. ಆದರೆ ಅಷ್ಟರಿಂದಲೇ ಏನನ್ನೂ ತೀರ್ಮಾನ ಮಾಡಬಾರದು, ಸ್ಕ್ರೀನ್ ಇಲ್ಲದ ಅಗ್ಗದ ಫೋನ್ ಆಮೇಲೂ ಮಾರಾಟವಾಗಿದೆ.

ಸ್ವಲ್ಪ ಜೂಮ್ ಮಾಡೋಣ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಡಾಕ್ಟರು, ಗ್ಯಾಸ್, ನೆಂಟರ ನಂಬರ್‌ಗಳು. ಎಲ್ಲದರಲ್ಲೂ ಅಂಕಿ ಏಳೇ! ತೊಂಬತ್ತರ ದಶಕದಲ್ಲಿ ಬೆಂಗಳೂರಿನ ನಂಬರ್‌ಗೆ ಏಳು ಅಂಕಿ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮುಂದೆ 2 ಸೇರಿ ಎಂಟಾಯಿತು. ಈ ಫೋಟೋ ಬಹುಶಃ ತೊಂಬತ್ತರ ದಶಕದ್ದು. ಬಹುಶಃ ಅಂದೆ, ಯಾಕೆಂದರೆ ಗೋಡೆಯ ಹಾಳೆಯನ್ನ ಯಾರೂ ಮಾರನೇ ದಿನವೇ ಕಿತ್ತು ಹಾಕಲ್ಲ. ಎರಡು ಮೂರು ವರ್ಷ ಆಚೀಚೆ ಆಗಬಹುದು.

[ಪರದೆ ಮೇಲೆ: ಕಾರ್ಡ್‌ಲೆಸ್ ಫೋನ್]

ಕಾರ್ಡ್‌ಲೆಸ್ ಗುರುತಿಸಲು ರಿಸೀವರ್‌ನ ತಳ ನೋಡಿ. ಅಲ್ಲಿ ವೈರ್ ಇರಲ್ಲ. ಬೇಸ್‌ನಿಂದ ಎರಡು ವೈರ್ ಹೊರಡುತ್ತವೆ, ಒಂದು ಟೆಲಿಫೋನ್ ಲೈನಿಗೆ, ಇನ್ನೊಂದು ಕರೆಂಟಿಗೆ. ಕರೆಂಟ್ ಹೋದರೆ ಸಾಮಾನ್ಯವಾಗಿ ಬೇಸ್ ಕೆಲಸ ಮಾಡಲ್ಲ, ಹಾಗಾಗಿ ಪಕ್ಕದಲ್ಲೇ ಮಾಮೂಲಿ ಫೋನ್ ಇಟ್ಟುಕೊಂಡ ಮನೆಗಳೂ ಇದ್ದವು. ದಶಕಕ್ಕೆ ಆಂಟೆನಾ ನೋಡಿ. ಎಳೆದು ಉದ್ದ ಮಾಡುವ ಲೋಹದ ಕಡ್ಡಿ ಎಂಬತ್ತು, ತೊಂಬತ್ತರ ದಶಕದ್ದು. ಆಮೇಲೆ ರಬ್ಬರಿನ ಮೋಟು ಆಂಟೆನಾ ಬಂತು. ಆಂಟೆನಾ ಒಳಗೇ ಅಡಗಿದ್ದು, ಬೆಳಕಿನ ಸ್ಕ್ರೀನ್ ಇದ್ದರೆ ಹೆಚ್ಚಾಗಿ 2000ದ ಈಚೆಯದು.

ಕೊನೆಗೆ ಒಂದು ಮೋಸದ ಫೋನ್. ಮೇಜಿನ ಮೇಲಿನ ಬಟನ್ ಫೋನ್, ಅದಕ್ಕೇ ಆಂಟೆನಾ, ಆದರೆ ರಿಸೀವರ್‌ಗೆ ಸುರುಳಿ ವೈರ್. ಇದು ಕಾರ್ಡ್‌ಲೆಸ್ ಅಲ್ಲ. ಗೋಡೆಯ ಲೈನ್ ಇಲ್ಲದೆ, ಒಳಗಿನ ರೇಡಿಯೋದಿಂದ ಟವರಿಗೆ ಸೇರುವ ಡಬ್ಲ್ಯುಎಲ್ಎಲ್ ಫೋನ್. ಇದು ಕಂಡರೆ ಫೋಟೋ ಹೆಚ್ಚಾಗಿ 2000ದ ದಶಕದ್ದೇ.